ಇಎಂಐ ಆಟೋ ಡೆಬಿಟ್ ರದ್ದು ಮಾಡಿದರೆ ಸಾಲ ಮುಗಿದಂತೆಯೇ?

ಬ್ಯಾಂಕಿನ ಆ್ಯಪ್ ತೆರೆದರೆ ಮ್ಯಾಂಡೇಟ್‌ಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ನೀವು ಸಾಲ ಪಡೆದ ಕಂಪನಿಯ ಹೆಸರಿದೆ, ಪಕ್ಕದಲ್ಲಿ ರದ್ದು ಮಾಡುವ ಗುಂಡಿಯಿದೆ. ಒತ್ತಿದರೆ ಒಂದು ಒಟಿಪಿ ಬರುತ್ತದೆ, ಅದನ್ನು ಹಾಕಿದರೆ 'ಯಶಸ್ವಿಯಾಗಿ ರದ್ದಾಗಿದೆ' ಎಂಬ ಸಂದೇಶ ಕಾಣಿಸುತ್ತದೆ. ಮುಂದಿನ ತಿಂಗಳು ಖಾತೆಯಿಂದ ಹಣ ಹೋಗುವುದಿಲ್ಲ. ಸಾಲ ಮುಗಿಯಿತು ಎಂದು ಅನೇಕರು ನಂಬುವುದು ಇಲ್ಲಿಯೇ.

ಈ ನಂಬಿಕೆ ಎರಡು ರೂಪದಲ್ಲಿ ಕಾಣಿಸುತ್ತದೆ. ಬಾಕಿ ಹಣವನ್ನೆಲ್ಲ ಕಟ್ಟಿ, ಆಮೇಲೆ ಮ್ಯಾಂಡೇಟ್ ರದ್ದು ಮಾಡಿ, ಇನ್ನು ಆ ಸಾಲಕ್ಕೂ ತಮಗೂ ಸಂಬಂಧವಿಲ್ಲ ಎಂದುಕೊಳ್ಳುವವರು ಒಂದು ಬಗೆ. ಈ ತಿಂಗಳು ಖಾತೆಯಲ್ಲಿ ಹಣವಿಲ್ಲ, ಕಂತು ಬೌನ್ಸ್ ಆಗಿ ದಂಡ ಬೀಳುವುದಕ್ಕಿಂತ ಮ್ಯಾಂಡೇಟನ್ನೇ ತೆಗೆದುಬಿಡೋಣ ಎನ್ನುವವರು ಇನ್ನೊಂದು ಬಗೆ. ಎರಡೂ ತಪ್ಪು. ಮೊದಲ ಬಗೆಯವರು ಹಣ ಕಟ್ಟಿದ ಮೇಲೂ ಸಿಕ್ಕಿಹಾಕಿಕೊಳ್ಳುತ್ತಾರೆ. ಅದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮ್ಯಾಂಡೇಟ್ ಯಾರಿಗೆ ಕೊಟ್ಟ ಅನುಮತಿ?

ಸಾಲ ಎನ್ನುವುದು ನಿಮಗೂ ಸಾಲ ಕೊಟ್ಟವರಿಗೂ ನಡುವಿನ ಒಪ್ಪಂದ. ಎಷ್ಟು ಅಸಲು, ಎಷ್ಟು ಬಡ್ಡಿ, ಯಾವ ತಾರೀಖಿಗೆ ಎಷ್ಟು ಕಂತು ಎಂಬುದೆಲ್ಲ ಅದರಲ್ಲಿರುತ್ತದೆ. ಮ್ಯಾಂಡೇಟ್ ಬೇರೆಯೇ ಒಂದು ಕಾಗದ, ಈಗ ಹೆಚ್ಚಾಗಿ ಆನ್‌ಲೈನ್ ನೋಂದಣಿ. 'ಈ ಕಂಪನಿ ಕೇಳಿದಾಗ ನನ್ನ ಖಾತೆಯಿಂದ ಇಷ್ಟು ರೂಪಾಯಿವರೆಗೆ ಕೊಡಿ' ಎಂದು ನಿಮ್ಮ ಉಳಿತಾಯ ಖಾತೆ ಇರುವ ಬ್ಯಾಂಕಿಗೆ ನೀವು ಕೊಡುವ ಅನುಮತಿ ಅದು. ಕಿರಾಣಿ ಅಂಗಡಿಯ ಬಾಕಿ ತಿಂಗಳಿಗೊಮ್ಮೆ ಕೊಡಲು ಮಗನ ಕೈಯಲ್ಲಿ ದುಡ್ಡು ಕಳಿಸುತ್ತೀರಿ ಎಂದುಕೊಳ್ಳಿ. ಮಗನಿಗೆ 'ಇನ್ನು ಹೋಗಬೇಡ' ಎಂದರೆ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಬಾಕಿ ಅಳಿಸಿಹೋಗುವುದಿಲ್ಲ.

ಬೇರೆ ಬೇರೆ ಬ್ಯಾಂಕುಗಳ ನಡುವೆ ಈ ಕಂತು ವಸೂಲಿ ನಡೆಯುವುದು ಹೆಚ್ಚಾಗಿ ನ್ಯಾಚ್ ಎಂಬ ವ್ಯವಸ್ಥೆಯ ಮೂಲಕ. ಯುಪಿಐಯನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯೇ ಇದನ್ನೂ ನಡೆಸುತ್ತದೆ. ಪ್ರತಿ ಮ್ಯಾಂಡೇಟಿಗೂ UMRN ಎಂಬ ಒಂದು ಗುರುತಿನ ಸಂಖ್ಯೆ ಇರುತ್ತದೆ. ಸಣ್ಣ ಸಾಲಗಳಲ್ಲಿ ಯುಪಿಐ ಆಟೋಪೇ ಕೂಡ ಬಳಕೆಯಲ್ಲಿದೆ. ಸಾಲ ಮತ್ತು ಖಾತೆ ಎರಡೂ ಒಂದೇ ಬ್ಯಾಂಕಿನಲ್ಲಿದ್ದರೆ ಸಾಮಾನ್ಯವಾಗಿ ನ್ಯಾಚ್ ಬೇಕಾಗುವುದಿಲ್ಲ, ಬ್ಯಾಂಕ್ ತನ್ನೊಳಗೇ ಹಣ ವರ್ಗಾಯಿಸಿಕೊಳ್ಳುತ್ತದೆ.

ಮ್ಯಾಂಡೇಟಿನಲ್ಲಿ ಬರೆದಿರುವ ಮೊತ್ತ ನಿಮ್ಮ ಕಂತಿಗಿಂತ ಹೆಚ್ಚಿರುವುದು ಸಾಮಾನ್ಯ. ಕಂತು ₹6,836 ಇದ್ದರೂ ಮ್ಯಾಂಡೇಟ್ ₹15,000ಕ್ಕೆ ಇರಬಹುದು. ಅದು ಗರಿಷ್ಠ ಮಿತಿ ಅಷ್ಟೇ. ಬಾಕಿ, ದಂಡ ಸೇರಿಸಿ ಒಂದೇ ಬಾರಿಗೆ ಕೇಳಲು ಸಾಲದಾತರು ಇಟ್ಟುಕೊಂಡ ಜಾಗ ಅದು. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ಆದರೆ ಸಾಲ ಮುಗಿದ ಮೇಲೂ ಅಂಥ ಅನುಮತಿ ಜೀವಂತವಾಗಿ ಉಳಿಯುವುದು ಒಳ್ಳೆಯದಲ್ಲ.

ಇಲ್ಲಿ ನೆನಪಿಡಬೇಕಾದದ್ದು, ಎರಡು ಕಡೆಯ ದಾಖಲೆಗಳು ತಾವಾಗಿಯೇ ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ. ಬ್ಯಾಂಕಿನ ಆ್ಯಪಿನಲ್ಲಿ ಮ್ಯಾಂಡೇಟ್ ರದ್ದಾದರೆ ಸಾಲದ ಖಾತೆ ಮುಚ್ಚುವುದಿಲ್ಲ. ಸಾಲದ ಖಾತೆ ಮುಚ್ಚಿದ ಕ್ಷಣವೇ ಮ್ಯಾಂಡೇಟ್ ಸಾಯುವುದೂ ಇಲ್ಲ. ಮುಂದೆ ಹೇಳುವ ತೊಂದರೆಗಳೆಲ್ಲ ಈ ಅಂತರದಿಂದಲೇ ಹುಟ್ಟುತ್ತವೆ.

ಒಂದು ಲೆಕ್ಕ ಹಾಕಿ ನೋಡೋಣ

ಹಾವೇರಿ ಕಡೆಯ ಖಾಸಗಿ ಶಾಲೆಯ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳಿ. ಒಂದು ಫೈನಾನ್ಸ್ ಕಂಪನಿಯಿಂದ ₹2,00,000 ವೈಯಕ್ತಿಕ ಸಾಲ ಪಡೆದಿದ್ದಾರೆ. ವರ್ಷಕ್ಕೆ ಶೇ. 14ರ ಸ್ಥಿರ ಬಡ್ಡಿ, 36 ಕಂತು. ತಿಂಗಳ ಕಂತು ₹6,836, ಪ್ರತಿ ತಿಂಗಳು 5ನೇ ತಾರೀಖಿಗೆ. ಮಾರ್ಚ್ 5ಕ್ಕೆ 24 ಕಂತು ಕಟ್ಟಿಯಾಗಿದೆ. ಉಳಿದ ಅಸಲು ₹76,130 ಎಂದು ಕಂಪನಿಯ ಆ್ಯಪ್ ತೋರಿಸುತ್ತಿದೆ.

ಮಾರ್ಚ್ 22ಕ್ಕೆ ಅವರಿಗೆ ಚೀಟಿ ಹಣ ಬಂತು. ಇನ್ನೂ 12 ಕಂತು ಕಟ್ಟಿದರೆ ₹82,000 ದಾಟುತ್ತದೆ, ಈಗಲೇ ಮುಗಿಸಿಬಿಡೋಣ ಎಂದು ಆ್ಯಪಿನಲ್ಲಿ ಕಂಡ ₹76,130ನ್ನು ಸರಿಯಾಗಿ ಅಷ್ಟೇ, ಸಾಲದ ಖಾತೆಯ ಸಂಖ್ಯೆ ಹಾಕಿ ಆನ್‌ಲೈನ್‌ನಲ್ಲಿ ಕಟ್ಟಿದರು. ಅದೇ ದಿನ ಬ್ಯಾಂಕಿನ ಆ್ಯಪಿನಲ್ಲಿ ಮ್ಯಾಂಡೇಟನ್ನೂ ರದ್ದು ಮಾಡಿದರು. ಉದ್ದೇಶದಲ್ಲಿ ಏನೂ ತಪ್ಪಿಲ್ಲ, ಹಣವೂ ನಿಜವಾಗಿ ಹೋಗಿದೆ. ಆದರೂ ಸಾಲ ಮುಗಿದಿಲ್ಲ.

ಮೊದಲ ಕಾರಣ, ಉಳಿದ ಅಸಲು ಬೇರೆ, ಸಾಲ ಮುಚ್ಚುವ ಮೊತ್ತ ಬೇರೆ. ಮಾರ್ಚ್ 5ರಿಂದ 22ರವರೆಗಿನ 17 ದಿನಗಳಿಗೂ ಬಡ್ಡಿ ಇದೆ. ₹76,130ಕ್ಕೆ ಶೇ. 14ರಂತೆ ದಿನಕ್ಕೆ ಸುಮಾರು ₹29.20, ಅಂದರೆ 17 ದಿನಕ್ಕೆ ₹496. ಇದರ ಮೇಲೆ ಅವಧಿಗೆ ಮುನ್ನ ಮುಚ್ಚುವುದಕ್ಕೆ ಶುಲ್ಕ. ಅವರ ಒಪ್ಪಂದದಲ್ಲಿ ಅದು ಉಳಿದ ಅಸಲಿನ ಶೇ. 3 ಎಂದಿದ್ದರೆ ₹2,284, ಅದಕ್ಕೆ ಶೇ. 18 ಜಿಎಸ್‌ಟಿ ₹411. ಎಲ್ಲ ಕೂಡಿದರೆ ₹79,321. ಅವರು ಕಟ್ಟಿದ್ದು ₹76,130. ಕೊರತೆ ₹3,191.

(ಈ ಶುಲ್ಕ ಎಲ್ಲರಿಗೂ ಇರುವುದಿಲ್ಲ. ವ್ಯಕ್ತಿಗಳು ವ್ಯಾಪಾರಕ್ಕಲ್ಲದೆ ಪಡೆದ ಬದಲಾಗುವ ಬಡ್ಡಿಯ ಸಾಲವಾಗಿದ್ದು, ಅದು 2026ರ ಜನವರಿ 1ರಂದು ಅಥವಾ ಆಮೇಲೆ ಮಂಜೂರಾದದ್ದು ಅಥವಾ ನವೀಕರಿಸಿದ್ದಾದರೆ ಅವಧಿಗೆ ಮುನ್ನ ತೀರಿಸಲು ಶುಲ್ಕ ಹಾಕುವಂತಿಲ್ಲ ಎಂದು ಆರ್‌ಬಿಐ ಹೇಳಿದೆ. ಬದಲಾಗುವ ಬಡ್ಡಿಯ ಗೃಹಸಾಲಗಳಿಗೆ ಅದಕ್ಕಿಂತ ಎಷ್ಟೋ ಮೊದಲೇ ಈ ಶುಲ್ಕ ಹೋಗಿದೆ. ನಮ್ಮ ಉದಾಹರಣೆಯದು ಹಳೆಯ, ಸ್ಥಿರ ಬಡ್ಡಿಯ ಸಾಲ.)

ಎರಡನೆಯ ಕಾರಣ ಹೆಚ್ಚು ಮುಖ್ಯ. 'ನನ್ನ ಸಾಲ ಮುಚ್ಚಿ' ಎಂದು ಅವರು ಯಾರನ್ನೂ ಕೇಳಿಲ್ಲ, ಹಣ ಹಾಕಿದ್ದಾರೆ ಅಷ್ಟೇ. ಹೀಗೆ ಹೆಸರಿಲ್ಲದೆ ಬಂದ ದೊಡ್ಡ ಮೊತ್ತವನ್ನು ಏನು ಮಾಡಬೇಕು ಎಂಬುದು ಆಯಾ ಕಂಪನಿಯ ಪದ್ಧತಿಗೆ ಬಿಟ್ಟದ್ದು. ಎರಡು ದಾರಿ ಸಾಮಾನ್ಯ.

ಒಂದು, ಅದನ್ನು ಭಾಗಶಃ ಮುಂಗಡ ಪಾವತಿ ಎಂದು ತೆಗೆದುಕೊಂಡು ಅಸಲಿಗೆ ಜಮಾ ಮಾಡುವುದು. ಹೀಗಾದರೆ 17 ದಿನದ ಬಡ್ಡಿ ಕಳೆದು ಉಳಿಯುವ ಬಾಕಿ ಐನೂರು ರೂಪಾಯಿ ಆಸುಪಾಸು. ಏಪ್ರಿಲ್ 5ಕ್ಕೆ ಕಂಪನಿಯ ಕಂಪ್ಯೂಟರ್ ಆ ಐನೂರನ್ನು ಕೇಳಿ ಬ್ಯಾಂಕಿಗೆ ಕಳಿಸುತ್ತದೆ. ಮ್ಯಾಂಡೇಟ್ ಇಲ್ಲ, ವಾಪಸ್. ಐನೂರು ರೂಪಾಯಿಯ ಬಾಕಿಗೆ ಬೌನ್ಸ್ ಶುಲ್ಕವೇ ಇನ್ನೊಂದು ಐನೂರು ಆಗಿಬಿಡಬಹುದು.

ಇನ್ನೊಂದು, ಅದನ್ನು ಹೆಚ್ಚುವರಿ ಹಣ ಎಂದು ಪಕ್ಕಕ್ಕಿಟ್ಟು, ಪ್ರತಿ 5ಕ್ಕೆ ಅದರಿಂದ ಒಂದೊಂದು ಕಂತು ಕಳೆದುಕೊಳ್ಳುವುದು. ನಮ್ಮ ಮಟ್ಟಿಗೆ ಇದು ಹೆಚ್ಚು ಅಪಾಯದ್ದು, ಏಕೆಂದರೆ ತಿಂಗಳುಗಟ್ಟಲೆ ಏನೂ ತಿಳಿಯುವುದಿಲ್ಲ. ₹76,130ರಲ್ಲಿ ₹6,836ರಂತೆ 11 ಕಂತು ಸಲೀಸಾಗಿ ಹೋಗುತ್ತದೆ. ಉಳಿಯುವುದು ₹934. ಹನ್ನೆರಡನೆಯ ಕಂತಿಗೆ ₹5,902 ಕಡಿಮೆ. ಅಂದರೆ ಸಾಲ ಮುಗಿದಿದೆ ಎಂದು ಅವರು ಮರೆತು ಹೆಚ್ಚುಕಡಿಮೆ ಒಂದು ವರ್ಷವಾದ ಮೇಲೆ ಮೊದಲ ಬೌನ್ಸ್ ಆಗುತ್ತದೆ. ಅಷ್ಟು ದಿನವೂ ಮೂಲ ವೇಳಾಪಟ್ಟಿಯಂತೆ ಬಡ್ಡಿ ನಡೆದೇ ಇತ್ತು, ಹಾಗಾಗಿ ಮುಂಚಿತವಾಗಿ ಕಟ್ಟಿದ ಲಾಭವೂ ಸಿಗಲಿಲ್ಲ. ಮೊಬೈಲ್ ನಂಬರ್ ಬದಲಾಗಿದ್ದರಂತೂ ಬಾಕಿಯ ಎಸ್‌ಎಂಎಸ್ ಕೂಡ ತಲುಪುವುದಿಲ್ಲ. ಮುಂದೊಂದು ದಿನ ಸ್ಕೂಟರ್ ಸಾಲಕ್ಕೆ ಅರ್ಜಿ ಹಾಕಿದಾಗ 'ಮೇಡಂ, ನಿಮ್ಮ ಹೆಸರಲ್ಲಿ ಹಳೇ ಬಾಕಿ ತೋರಿಸ್ತಿದೆ' ಎಂದು ಶೋರೂಮಿನ ಹುಡುಗ ಹೇಳಿದಾಗಲೇ ವಿಷಯ ಗೊತ್ತಾಗುವುದು.

ಬೌನ್ಸ್ ಆದಾಗ ನಿಜಕ್ಕೂ ಏನಾಗುತ್ತದೆ?

ಖಾತೆಯಲ್ಲಿ ಹಣವಿಲ್ಲದೆ ಕಂತು ವಾಪಸಾದರೆ ಎರಡು ಕಡೆ ಶುಲ್ಕ ಬೀಳಬಹುದು. ನಿಮ್ಮ ಬ್ಯಾಂಕ್ ವಾಪಸಾತಿ ಶುಲ್ಕ ಹಾಕುತ್ತದೆ, ಸಾಲ ಕೊಟ್ಟವರು ಬೌನ್ಸ್ ಶುಲ್ಕ ಹಾಕುತ್ತಾರೆ. ಕೆಲವರು ಅದೇ ತಿಂಗಳು ಮತ್ತೊಮ್ಮೆ ಹಣ ಕೇಳಿ ಕಳಿಸುವುದುಂಟು. ಆಗಲೂ ಹಣವಿಲ್ಲದಿದ್ದರೆ ಶುಲ್ಕ ಮತ್ತೆ ಬೀಳಬಹುದು. ಮ್ಯಾಂಡೇಟ್ ರದ್ದು ಮಾಡಿದರೆ ಬ್ಯಾಂಕಿನ ಕಡೆಯ ಶುಲ್ಕ ತಪ್ಪಬಹುದು, ಅಷ್ಟೇ. ಸಾಲದಾತರ ಪುಸ್ತಕದಲ್ಲಿ ಆ ತಾರೀಖಿನ ಕಂತು ಬಂದಿಲ್ಲ ಎಂಬುದು ಬದಲಾಗುವುದಿಲ್ಲ. ಮ್ಯಾಂಡೇಟ್ ರದ್ದು ಮಾಡಿದ್ದಕ್ಕೇ ಬೇರೆ ಶುಲ್ಕ ಹಾಕುವ ಒಪ್ಪಂದಗಳೂ ಇವೆ.

ದಂಡದ ಬಗ್ಗೆ ಒಂದು ನಿಯಮ ಸಾಲಗಾರರ ಪರವಾಗಿದೆ. 2023ರ ಆಗಸ್ಟ್‌ನಲ್ಲಿ ಆರ್‌ಬಿಐ ಹೊರಡಿಸಿ, 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ, ಕಂತು ತಪ್ಪಿದ್ದಕ್ಕೆ ಬಡ್ಡಿದರವನ್ನು ಏರಿಸುವ 'ದಂಡಬಡ್ಡಿ' ಹಾಕುವಂತಿಲ್ಲ. ದಂಡವನ್ನು ಶುಲ್ಕವಾಗಿ ಮಾತ್ರ ಹಾಕಬಹುದು ಮತ್ತು ಆ ದಂಡದ ಮೇಲೆ ಮತ್ತೆ ಬಡ್ಡಿ ಲೆಕ್ಕ ಹಾಕುವಂತಿಲ್ಲ. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ದಂಡದ ಮೊತ್ತ ಅಸಲಿಗೆ ಸೇರಿ ಬೆಳೆಯುತ್ತಿದ್ದರೆ ಅದನ್ನು ಪ್ರಶ್ನಿಸಬಹುದು. ಬಾಕಿ ಉಳಿದ ಕಂತಿಗೆ ಒಪ್ಪಂದದ ಮಾಮೂಲು ಬಡ್ಡಿ ಮಾತ್ರ ನಡೆಯುತ್ತಲೇ ಇರುತ್ತದೆ.

ಶುಲ್ಕಕ್ಕಿಂತ ದೀರ್ಘಕಾಲ ಕಾಡುವುದು ಕ್ರೆಡಿಟ್ ವರದಿ. ಬಾಕಿ ಎಷ್ಟು ದಿನ ಹಳೆಯದು ಎಂಬುದನ್ನು ಸಾಲದಾತರು ಸಿಬಿಲ್ ಮೊದಲಾದ ಸಂಸ್ಥೆಗಳಿಗೆ ತಿಳಿಸುತ್ತಾರೆ. 2025ರ ಜನವರಿಯಲ್ಲಿ ಈ ಮಾಹಿತಿಯನ್ನು ತಿಂಗಳಿಗೆ ಎರಡು ಬಾರಿ ಕಳಿಸಬೇಕೆಂಬ ನಿಯಮ ಜಾರಿಗೆ ಬಂತು. 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಬಾಕಿ ಮೊತ್ತ ₹500 ಇರಲಿ ₹5,902 ಇರಲಿ, ದಿನಗಳ ಎಣಿಕೆ ಒಂದೇ ರೀತಿ ನಡೆಯುತ್ತದೆ.

ಇನ್ನು ಜೈಲಿನ ಮಾತು. 'ಇಎಂಐ ಬೌನ್ಸ್ ಆದರೆ ಪೊಲೀಸರು ಬರುತ್ತಾರೆ' ಎಂದು ವಸೂಲಿಯವರು ಹೆದರಿಸುತ್ತಾರೆ. 'ಅದೆಲ್ಲ ಚೆಕ್‌ಗೆ ಮಾತ್ರ' ಎಂದು ಗೆಳೆಯರು ಧೈರ್ಯ ಹೇಳುತ್ತಾರೆ. ಇಬ್ಬರದ್ದೂ ಅರ್ಧ ಸತ್ಯ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಸಾಲ ತೀರಿಸಲು ಕೊಟ್ಟ ಎಲೆಕ್ಟ್ರಾನಿಕ್ ಪಾವತಿ ಹಣದ ಕೊರತೆಯಿಂದ ವಿಫಲವಾದರೆ ಅದು ಅಪರಾಧ. ಎರಡು ವರ್ಷದವರೆಗೆ ಜೈಲು, ಇಲ್ಲವೇ ಆ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ಆದರೆ ಅದಕ್ಕೊಂದು ಕ್ರಮವಿದೆ. ಪಾವತಿ ವಿಫಲವಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ಸಾಲದಾತರು ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು ನಿಮಗೆ 15 ದಿನವಿದೆ. ಕಟ್ಟಿದರೆ ಅಲ್ಲಿಗೆ ಮುಗಿಯಿತು. ಹಾಗಾಗಿ 'ಇವತ್ತು ಸಂಜೆಯೊಳಗೆ ಅರೆಸ್ಟ್' ಎಂಬ ಫೋನ್ ಕರೆಗೆ ಕಾನೂನಿನ ಆಧಾರವಿಲ್ಲ. ಮನೆಗೆ ಬಂದ ರಿಜಿಸ್ಟರ್ಡ್ ನೋಟಿಸನ್ನು ಮಾತ್ರ ಕಡೆಗಣಿಸಬಾರದು.

ಮ್ಯಾಂಡೇಟನ್ನೇ ರದ್ದು ಮಾಡಿದರೆ 'ಹಣದ ಕೊರತೆ' ಎಂಬ ಕಾರಣವೇ ಬರುವುದಿಲ್ಲವಲ್ಲ, ಆಗ ಈ ಸೆಕ್ಷನ್‌ನಿಂದ ಪಾರಾದೆವಲ್ಲ ಎಂದು ಕೆಲವರು ತರ್ಕ ಮಾಡುತ್ತಾರೆ. ಅದನ್ನು ನಂಬಿ ಕೂರಬೇಡಿ. ಚೆಕ್ ವಿಷಯದಲ್ಲಿ ಇದೇ ತರ್ಕ ಹಿಂದೆಯೇ ಬಂದಿತ್ತು. 'ಹಣ ಕೊಡಬೇಡಿ' ಎಂದು ಬ್ಯಾಂಕಿಗೆ ಹೇಳಿ ಚೆಕ್ ತಡೆದರೂ ಚೆಕ್ ಬೌನ್ಸ್ ಕಾನೂನು ಅನ್ವಯಿಸಬಹುದು ಎಂದು ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ಚೆಕ್ ಬೌನ್ಸ್ ಅಧ್ಯಾಯದ ನಿಯಮಗಳು ಎಲೆಕ್ಟ್ರಾನಿಕ್ ಪಾವತಿಗೂ ಸಂದರ್ಭಕ್ಕೆ ತಕ್ಕಂತೆ ಅನ್ವಯಿಸುತ್ತವೆ ಎಂದು 25ನೇ ಸೆಕ್ಷನ್ನೇ ಹೇಳುತ್ತದೆ.

ಸಾಲ ಮುಚ್ಚುವ ಸರಿಯಾದ ಕ್ರಮ

ಶಿಕ್ಷಕಿಯ ವಿಷಯಕ್ಕೆ ಮರಳೋಣ. ಮಾರ್ಚ್ 22ಕ್ಕೆ ಅವರು ಮೊದಲು ಮಾಡಬೇಕಿದ್ದದ್ದು ಕಂಪನಿಯಿಂದ ಫೋರ್‌ಕ್ಲೋಶರ್ ಪತ್ರ ಕೇಳುವುದು. ಶಾಖೆಯಲ್ಲಿ, ಕಸ್ಟಮರ್ ಕೇರ್‌ನಲ್ಲಿ, ಎಷ್ಟೋ ಕಂಪನಿಗಳಲ್ಲಿ ಆ್ಯಪ್‌ನಲ್ಲೇ ಇದನ್ನು ಕೇಳಬಹುದು. ಅಸಲು, ಇಂಥ ದಿನದವರೆಗಿನ ಬಡ್ಡಿ, ಶುಲ್ಕ, ಹಳೆಯ ಬೌನ್ಸ್ ಬಾಕಿ ಇದ್ದರೆ ಅದು, ಒಟ್ಟು ಮೊತ್ತ ಮತ್ತು ಆ ಮೊತ್ತ ಯಾವ ದಿನದವರೆಗೆ ನಡೆಯುತ್ತದೆ ಎಂಬುದು ಪತ್ರದಲ್ಲಿರುತ್ತದೆ. ಆ ಕೊನೆಯ ದಿನಾಂಕವೇ ಪತ್ರದ ಜೀವ. ಅದು ಕಳೆದ ಮೇಲೆ ಅದೇ ಮೊತ್ತ ಕಟ್ಟಿದರೆ ದಿನಕ್ಕೆ ₹29ರಂತೆ ಕಡಿಮೆ ಬೀಳುತ್ತದೆ, ನಾವು ಮೇಲೆ ನೋಡಿದ ಕಥೆ ಮತ್ತೆ ಶುರುವಾಗುತ್ತದೆ.

ಪತ್ರದಲ್ಲಿ ಹೇಳಿದ ಖಾತೆಗೆ, ಹೇಳಿದಷ್ಟನ್ನು, ಪೈಸೆ ಬಿಡದೆ ಕಟ್ಟಬೇಕು. ಕಂತು ಕಟ್ಟುವ ಜಾಗದಲ್ಲಲ್ಲ, ಸಾಲ ಮುಚ್ಚುವ ಆಯ್ಕೆಯಲ್ಲಿ ಕಟ್ಟಬೇಕು. ಆಮೇಲೆ 'ಸಾಲ ಮುಚ್ಚಿದೆ, ಬಾಕಿ ಏನೂ ಇಲ್ಲ' ಎಂಬ ಎನ್‌ಒಸಿ ಮತ್ತು ಬಾಕಿ ಸೊನ್ನೆ ತೋರಿಸುವ ಸ್ಟೇಟ್‌ಮೆಂಟ್ ಪಡೆಯಬೇಕು. ಹಣ ಸಂದಾಯವಾದ ರಸೀದಿ ಎನ್‌ಒಸಿ ಅಲ್ಲ. ರಸೀದಿ ಹಣ ಬಂತು ಎನ್ನುತ್ತದೆ, ಎನ್‌ಒಸಿ ಇನ್ನು ಬರಬೇಕಾದದ್ದು ಏನೂ ಇಲ್ಲ ಎನ್ನುತ್ತದೆ.

ಮ್ಯಾಂಡೇಟ್ ರದ್ದು ಮಾಡುವ ಸರದಿ ಬರುವುದು ಇದಾದ ಮೇಲೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಕ್ರಮ ಪಾಲಿಸಿದವರೂ ಎಡವುವ ಜಾಗವಿದು.

ಕಂತಿನ ದಿನ ಬೆಳಿಗ್ಗೆ ಎದ್ದು ಕಂಪನಿ ನಿಮ್ಮ ಬ್ಯಾಂಕಿಗೆ ಹಣ ಕೇಳುವುದಿಲ್ಲ. ಸಾವಿರಾರು ಸಾಲಗಾರರ ಪಟ್ಟಿಯನ್ನು ಮೊದಲೇ ತಯಾರಿಸಿ ತನ್ನ ಬ್ಯಾಂಕಿಗೆ ಕೊಟ್ಟಿರುತ್ತದೆ. 5ನೇ ತಾರೀಖಿನ ಪಟ್ಟಿ ಕೆಲವು ದಿನ ಮೊದಲೇ ಹೊರಟಿರಬಹುದು. ನೀವು 3ನೇ ತಾರೀಖು ಸಾಲ ಪೂರ್ತಿ ತೀರಿಸಿದರೂ ಆ ಪಟ್ಟಿಯಲ್ಲಿ ನಿಮ್ಮ ಹೆಸರು ಉಳಿದಿರುತ್ತದೆ. 5ಕ್ಕೆ ₹6,836 ಖಾತೆಯಿಂದ ಹೋಗುತ್ತದೆ. ಖಾತೆಯಲ್ಲಿ ಹಣವಿದ್ದರೆ ದೊಡ್ಡ ನಷ್ಟವಿಲ್ಲ. ಹೆಚ್ಚು ಬಂದ ಹಣವನ್ನು ಕಂಪನಿ ಹಿಂದಿರುಗಿಸಬೇಕು, ಸ್ವಲ್ಪ ದಿನ ಕಾಯಬೇಕಾಗುತ್ತದೆ. ಆದರೆ ಸಾಲ ತೀರಿಸಲು ಖಾತೆಯನ್ನು ಬರಿದು ಮಾಡಿದ್ದರೆ, ಇಲ್ಲದ ಸಾಲದ ಕಂತು ಬೌನ್ಸ್ ಆಗುತ್ತದೆ. ಬ್ಯಾಂಕಿನ ವಾಪಸಾತಿ ಶುಲ್ಕ ₹250 ಎಂದಿಟ್ಟುಕೊಂಡರೆ ಜಿಎಸ್‌ಟಿ ಸೇರಿ ₹295 ಹೋಯಿತು. ಸಾಲವೇ ಮುಗಿದಿತ್ತು ಎಂಬುದು ಬ್ಯಾಂಕಿಗೆ ಗೊತ್ತಿಲ್ಲ, ಹಣ ಕೇಳಿದರು, ಇರಲಿಲ್ಲ ಎಂಬುದಷ್ಟೇ ಗೊತ್ತು.

ಭಾನುವಾರ, ಹಬ್ಬದ ದಿನ ಎಂಬ ಲೆಕ್ಕವೂ ಈಗ ನಡೆಯುವುದಿಲ್ಲ. 2021ರ ಆಗಸ್ಟ್ 1ರಿಂದ ನ್ಯಾಚ್ ವಾರದ ಏಳೂ ದಿನ ಕೆಲಸ ಮಾಡುತ್ತದೆ. 'ಸೋಮವಾರ ಬ್ಯಾಂಕ್ ತೆರೆದ ಮೇಲೆ ಹಣ ಹಾಕಿದರಾಯಿತು' ಎಂದು ಕಾದವರು ಭಾನುವಾರವೇ ಬೌನ್ಸ್ ಎಸ್‌ಎಂಎಸ್ ನೋಡಬೇಕಾಗಬಹುದು.

ಇದಕ್ಕೆ ಪರಿಹಾರ ಸರಳ. ಸಾಲ ಮುಚ್ಚುವ ಕೆಲಸವನ್ನು ಒಂದು ಕಂತು ಹೋದ ಕೆಲವೇ ದಿನಗಳಲ್ಲಿ ಮಾಡಿ, ಮುಂದಿನ ಕಂತಿಗೆ ಸಾಕಷ್ಟು ಅಂತರವಿರಲಿ. ಕಂತಿನ ದಿನ ಹತ್ತಿರವಿದ್ದಾಗ ಮುಚ್ಚುವ ಅರ್ಜಿಯನ್ನೇ ತೆಗೆದುಕೊಳ್ಳದ ಕಂಪನಿಗಳೂ ಇವೆ, ಅದರ ಹಿಂದಿನ ಕಾರಣವೂ ಇದೇ. ಅನಿವಾರ್ಯವಾಗಿ ಕಂತಿಗೆ ಮುನ್ನವೇ ಕಟ್ಟಬೇಕಾದರೆ ಒಂದು ಕಂತಿನಷ್ಟು ಹಣವನ್ನು ಖಾತೆಯಲ್ಲಿ ಬಿಟ್ಟಿರಿ. ಮುಂದಿನ 5ನೇ ತಾರೀಖು ಶಾಂತವಾಗಿ ಕಳೆದು, ಕೈಯಲ್ಲಿ ಎನ್‌ಒಸಿ ಇದ್ದ ಮೇಲೆ ಮ್ಯಾಂಡೇಟ್ ರದ್ದು ಮಾಡಿ.

ರದ್ದು ಮಾಡುವುದು ಎಲ್ಲಿ? ಸಾಲ ಮುಚ್ಚಿದ ಮೇಲೆ ಅದನ್ನು ಕಂಪನಿಯೇ ಮಾಡುವುದುಂಟು. ಮಾಡಿದೆಯೇ ಎಂದು ನಿಮ್ಮ ಬ್ಯಾಂಕಿನ ನೆಟ್ ಬ್ಯಾಂಕಿಂಗ್‌ನಲ್ಲಿ ನೋಡಿ. ಇನ್ನೂ Active ಎಂದಿದ್ದರೆ ಅಲ್ಲಿಯೇ ರದ್ದು ಮಾಡಿ, ಇಲ್ಲವೇ UMRN ಬರೆದು ಶಾಖೆಯಲ್ಲಿ ಅರ್ಜಿ ಕೊಡಿ. 'ಸಾಲ ಕೊಟ್ಟವರನ್ನೇ ಕೇಳಿ' ಎಂದು ಶಾಖೆಯವರು ವಾಪಸ್ ಕಳಿಸುವುದು ಉಂಟು, ಆಗ ಎನ್‌ಒಸಿ ತೋರಿಸಿದರೆ ಮಾತು ಸುಲಭ. ಯುಪಿಐ ಆಟೋಪೇ ಆಗಿದ್ದರೆ ಅದನ್ನು ಯಾವ ಆ್ಯಪ್‌ನಲ್ಲಿ ಒಪ್ಪಿದ್ದಿರೋ ಅದರಲ್ಲಿ ನೋಡಿ.

ಸಾಲ ಮುಂದುವರಿಯುತ್ತಿದೆ, ಸಂಬಳದ ಖಾತೆ ಮಾತ್ರ ಬದಲಾಗುತ್ತಿದೆ ಎನ್ನುವವರ ಕ್ರಮ ಬೇರೆ. ಅವರು ಮೊದಲು ಹೊಸ ಖಾತೆಗೆ ಹೊಸ ಮ್ಯಾಂಡೇಟ್ ಕೊಟ್ಟು, ಅದು ನೋಂದಣಿಯಾಗಿದೆ, ಮುಂದಿನ ಕಂತು ಅಲ್ಲಿಂದಲೇ ಹೋಗುತ್ತದೆ ಎಂದು ಕಂಪನಿಯಿಂದ ಖಚಿತ ಮಾಡಿಕೊಳ್ಳಬೇಕು. ಒಂದು ಕಂತು ಹೊಸ ಖಾತೆಯಿಂದ ಹೋದ ಮೇಲೆ ಹಳೆಯದನ್ನು ತೆಗೆಯಬಹುದು. ಹಳೆಯ ಕೆಲಸ ಬಿಟ್ಟ ಕೂಡಲೇ ಆ ಖಾತೆಯನ್ನು ಮುಚ್ಚುವವರಿಗೆ ಇದು ಮರೆತೇಹೋಗುತ್ತದೆ.

ಈ ತಿಂಗಳು ಕಂತು ಕಟ್ಟಲು ಆಗುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ? ಮ್ಯಾಂಡೇಟ್ ಕಿತ್ತುಹಾಕುವುದಕ್ಕಿಂತ ಕಂತಿನ ದಿನಕ್ಕೆ ಮುಂಚೆಯೇ ಕಂಪನಿಗೆ ಇಮೇಲ್ ಬರೆದು ಕಂತಿನ ತಾರೀಖು ಬದಲಿಸಲು ಅಥವಾ ಅವಧಿ ಹೆಚ್ಚಿಸಿ ಕಂತು ಇಳಿಸಲು ಕೇಳುವುದು ಮೇಲು. ಅವರು ಒಪ್ಪಲೇಬೇಕೆಂದಿಲ್ಲ. ಆದರೆ ಮುಂದೆ ದಂಡ ಕಡಿಮೆ ಮಾಡಿ ಎಂದು ಕೇಳುವಾಗ ಆ ಇಮೇಲ್ ಕೈಯಲ್ಲಿರುತ್ತದೆ. ಮ್ಯಾಂಡೇಟ್ ರದ್ದು ಮಾಡಿದ್ದನ್ನು ಮಾತ್ರ ಎದುರಿನವರು ಕಟ್ಟುವ ಮನಸ್ಸಿಲ್ಲದ ಗುರುತು ಎಂದೇ ಓದುತ್ತಾರೆ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ

ಮೊದಲು ಯಾವ ಕಾರಣಕ್ಕೆ ವಾಪಸಾಯಿತು ಎಂದು ತಿಳಿದುಕೊಳ್ಳಿ. ಹಣದ ಕೊರತೆಯೇ, ಮ್ಯಾಂಡೇಟ್ ರದ್ದಾಗಿದ್ದಕ್ಕೇ, ಖಾತೆ ಮುಚ್ಚಿದ್ದಕ್ಕೇ ಎಂಬುದು ಬ್ಯಾಂಕಿನಲ್ಲಿ ಗೊತ್ತಾಗುತ್ತದೆ. ಆಮೇಲೆ ಸಾಲದ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ಕೇಳಿ, ನೀವು ಕಟ್ಟಿದ ದೊಡ್ಡ ಮೊತ್ತ ಯಾವ ದಿನ, ಯಾವ ಲೆಕ್ಕಕ್ಕೆ ಜಮಾ ಆಗಿದೆ ನೋಡಿ. ಶಿಕ್ಷಕಿಯಂತೆ ಅದು ಹೆಚ್ಚುವರಿ ಹಣವಾಗಿ ಕೂತಿದ್ದರೆ, ಅದನ್ನು ಸೇರಿಸಿಕೊಂಡು ಇಂದಿನ ದಿನಕ್ಕೆ ಫೋರ್‌ಕ್ಲೋಶರ್ ಪತ್ರ ಕೊಡಿ ಎಂದು ಬರಹದಲ್ಲಿ ಕೇಳಿ. ಉಳಿದದ್ದನ್ನು ಕಟ್ಟಿ ಮುಚ್ಚಿ. ಬೌನ್ಸ್ ಶುಲ್ಕ ಬಿಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಮುಚ್ಚುವ ಉದ್ದೇಶಕ್ಕೇ ಹಣ ಕಟ್ಟಿದ್ದು ಎಂಬುದಕ್ಕೆ ಆ ದಿನದ ಪಾವತಿಯೇ ಸಾಕ್ಷಿ.

ಸಾಲ ಮುಗಿದ ಮೇಲೂ ಕಂತು ಕಿತ್ತುಕೊಂಡರೆ, ಅಥವಾ ಹೆಚ್ಚುವರಿ ಹಣ ಹಿಂದಿರುಗಿಸದಿದ್ದರೆ, ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಸಲ್ಲಿಸಬಹುದು, ಇದಕ್ಕೆ ಹಣ ಕಟ್ಟಬೇಕಿಲ್ಲ.

ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿ ತೆಗೆದು ನೋಡಿ. ಸಿಬಿಲ್ ಸೇರಿ ನಾಲ್ಕೂ ಸಂಸ್ಥೆಗಳಿಂದ ವರ್ಷಕ್ಕೊಂದು ಪೂರ್ಣ ವರದಿ ಉಚಿತ. ಆ ಸಾಲದ ಮುಂದೆ Closed ಎಂದಿರಬೇಕು, ಬಾಕಿ ಸೊನ್ನೆ ಇರಬೇಕು. ಬಾಕಿಯನ್ನು ಚೌಕಾಸಿ ಮಾಡಿ ಕಡಿಮೆಗೆ ಮುಗಿಸಿದ್ದರೆ Settled ಎಂದು ಬರುತ್ತದೆ, ಅದನ್ನು ಮುಂದಿನ ಸಾಲದಾತರು ಒಳ್ಳೆಯ ಗುರುತೆಂದು ನೋಡುವುದಿಲ್ಲ. ತಪ್ಪಾಗಿ ಬಾಕಿ ತೋರಿಸುತ್ತಿದ್ದರೆ ಆ ಸಂಸ್ಥೆಗೂ ಸಾಲದಾತರಿಗೂ ತಿದ್ದುಪಡಿ ಕೇಳಿ. ದೂರು ಕೊಟ್ಟು 30 ದಿನದೊಳಗೆ ಸರಿಪಡಿಸದಿದ್ದರೆ ತಡವಾದ ಪ್ರತಿ ದಿನಕ್ಕೆ ₹100 ಪರಿಹಾರ ಕೊಡಬೇಕೆಂದು ಆರ್‌ಬಿಐ ನಿಯಮವಿದೆ.

ಮನೆ ಅಥವಾ ನಿವೇಶನ ಅಡವಿಟ್ಟ ಸಾಲವಾಗಿದ್ದರೆ, ಪೂರ್ತಿ ತೀರಿಸಿದ 30 ದಿನದೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು. ಅವರ ಕಾರಣದಿಂದ ತಡವಾದರೆ ದಿನಕ್ಕೆ ₹5,000 ಕೊಡಬೇಕು. ಸಾಲ ಪಡೆಯುವಾಗ ಭದ್ರತೆಗೆಂದು ಖಾಲಿ ಚೆಕ್‌ಗಳನ್ನು ಸಹಿ ಹಾಕಿ ಕೊಟ್ಟಿದ್ದರೆ, ಎನ್‌ಒಸಿ ಪಡೆಯುವ ದಿನವೇ ಅವನ್ನೂ ಎಣಿಸಿ ವಾಪಸ್ ತನ್ನಿ. ಮ್ಯಾಂಡೇಟ್ ರದ್ದಾದರೂ ಆ ಚೆಕ್‌ಗಳು ರದ್ದಾಗಿರುವುದಿಲ್ಲ.